ಆರನೇ ದಿನದ ಜ್ವರಕ್ಕೆ ಯಾವ ಡೆಂಗ್ಯೂ ಟೆಸ್ಟ್?

ಪ್ರಶ್ನೆ: ಮಗನಿಗೆ ಆರು ದಿನದಿಂದ ಜ್ವರ. ಚಿಂತಾಮಣಿಯಲ್ಲಿ ಇವತ್ತು ಎನ್‌ಎಸ್‌1 ಮಾಡಿಸಿದ್ವಿ, ನೆಗೆಟಿವ್. ಡೆಂಗ್ಯೂ ಇಲ್ಲ ಅಂತ ಅಲ್ವಾ?

ಹಾಗೆ ಹೇಳಲಾಗದು. ಎನ್‌ಎಸ್‌1 ಅಂದರೆ ವೈರಸ್ ರಕ್ತಕ್ಕೆ ಬಿಡುವ ಪ್ರೋಟೀನ್. ಜ್ವರದ ಮೊದಲ ಐದು ದಿನ ಚೆನ್ನಾಗಿ ಸಿಗುತ್ತದೆ, ಆಮೇಲೆ ಇಳಿಯುತ್ತದೆ. ಸುಮಾರು ಐದನೇ ದಿನದಿಂದ ದೇಹ ಮಾಡುವ ಐಜಿಎಂ ಪ್ರತಿಕಾಯ ಕಾಣತೊಡಗುತ್ತದೆ. ಹಾಗಾಗಿ ಈಗ ಐಜಿಎಂ ಮಾಡಿಸಿ. ತಕ್ಷಣ ಫಲಿತಾಂಶ ಕೊಡುವ ಸ್ಟ್ರಿಪ್‌ಗಿಂತ ಲ್ಯಾಬಿನಲ್ಲಿ ಮಾಡುವ ಎಲಿಸಾ ವಿಧಾನವೇ ನಂಬಿಕಸ್ತ. ಅದೂ ನೆಗೆಟಿವ್ ಬಂದು ಅನುಮಾನ ಉಳಿದರೆ, ಎರಡು ಮೂರು ದಿನ ಬಿಟ್ಟು ಮತ್ತೆ ನೋಡಬೇಕು.

ಕೋಲಾರದಲ್ಲಿ ನಮ್ಮ ಅಕ್ಕನ ಮಗಳಿಗೂ ಹೀಗೇ ಆಯ್ತು. ಸೋಮವಾರ ಜ್ವರ ಬಂತು. ಭಾನುವಾರ, ಅಂದರೆ ಏಳನೇ ದಿನ, ಎನ್‌ಎಸ್‌1 ನೆಗೆಟಿವ್. ಅದೇ ರಕ್ತದಲ್ಲಿ ಐಜಿಎಂ ಪಾಸಿಟಿವ್! ದಿನ ಎಣಿಸುವುದು ಜ್ವರ ಶುರುವಾದ ದಿನದಿಂದ, ಡಾಕ್ಟರ ಹತ್ತಿರ ಹೋದ ದಿನದಿಂದಲ್ಲ.

ಮಗನಿಗೆ ಮೊದಲೊಮ್ಮೆ ಡೆಂಗ್ಯೂ ಬಂದಿತ್ತಾ? ಬಂದಿದ್ದರೆ ಈ ಸಲ ಎನ್‌ಎಸ್‌1 ಬೇಗ ಮಾಯವಾಗಬಹುದು, ಐಜಿಎಂ ಕೂಡ ಮಂಕಾಗಿರಬಹುದು, ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಮಾತ್ರ ಬೇಗ ಏರುತ್ತದೆ. ಡಾಕ್ಟರಿಗೆ ಇದನ್ನು ಹೇಳಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಅಥವಾ ತುಂಬಾ ಸುಸ್ತು ಕಂಡರೆ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಹೋಗಿ.