ಮೊಮ್ಮಗಳ ಆರನೇ ಒಂದು ಪಾಲು

ಓದುಗರ ಪತ್ರ: “ನಮ್ಮದು ಸುನ್ನಿ ಹನಫಿ ಕುಟುಂಬ. ನಮ್ಮ ಯಜಮಾನರು 2021ರಲ್ಲಿ ಹೋದರು, ಮಾವನವರು 2024ರಲ್ಲಿ. ಈಗ ಇರುವವರು ಅತ್ತೆ, ಒಬ್ಬಳೇ ನಾದಿನಿ, ಮಾವನ ಒಡಹುಟ್ಟಿದ ತಮ್ಮ, ಮತ್ತೆ ನನ್ನ ಒಂಬತ್ತು ವರ್ಷದ ಮಗಳು. ಮಾವನ ತಂದೆ ತಾಯಿ ಇಲ್ಲ, ಬೇರೆ ಒಡಹುಟ್ಟಿದವರೂ ಇಲ್ಲ. ಅಪ್ಪ ಮೊದಲೇ ಹೋದ್ದರಿಂದ ಮಗುವಿಗೆ ಏನೂ ಇಲ್ಲ ಅಂತ ಕೆಲವರು, ಅಪ್ಪನ ಪಾಲೆಲ್ಲ ಅವಳದ್ದೇ ಅಂತ ಇನ್ನು ಕೆಲವರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತಿದ್ದಾರೆ. ಏನು ಮಾಡಲಿ?”
– ಓದುಗರೊಬ್ಬರು, ಚಿಕ್ಕಮಗಳೂರು

ಸಂಪಾದಕರ ಉತ್ತರ:

ಸಹೋದರಿ, ಎರಡು ಮಾತೂ ತಪ್ಪು. ನಿಮ್ಮ ಮಗಳಿಗೆ ಆರನೇ ಒಂದು ಪಾಲು ಇದೆ. ಅದು ಅವಳ ಅಪ್ಪನಿಂದ ಇಳಿದು ಬಂದದ್ದಲ್ಲ, ಮಗನ ಮಗಳು ಎಂಬ ಕಾರಣಕ್ಕೆ ಅವಳಿಗೇ ಸಿಗುವ ಪಾಲು.

ತೀರಿಕೊಂಡ ಮಗನ ಜಾಗದಲ್ಲಿ ಅವನ ಮಕ್ಕಳು ನಿಂತು ಅವನ ಪಾಲು ಪಡೆಯುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿದೆ. ಅಕ್ಕಪಕ್ಕದ ಮನೆಗಳಲ್ಲಿ ಅದನ್ನು ಕಂಡವರು ಎಲ್ಲರಿಗೂ ಹಾಗೇ ಅಂದುಕೊಳ್ಳುತ್ತಾರೆ. ಸುನ್ನಿ ನಿಯಮದಲ್ಲಿ ಅದಿಲ್ಲ. ಏನೂ ಇಲ್ಲ ಅನ್ನುವವರ ಮನಸ್ಸಿನಲ್ಲಿರುವುದು ಬೇರೆ ಸಂದರ್ಭ: ಮಾವನಿಗೆ ಇನ್ನೊಬ್ಬ ಮಗ ಬದುಕಿದ್ದಿದ್ದರೆ ಮೊಮ್ಮಗಳಿಗೆ ನಿಜಕ್ಕೂ ಏನೂ ಬರುತ್ತಿರಲಿಲ್ಲ.

ಆರನೇ ಒಂದು ಎಂಬ ಲೆಕ್ಕ ಎಲ್ಲಿಂದ ಬಂತು? ಕುರ್‌ಆನಿನ 4ನೇ ಅಧ್ಯಾಯದ 11ನೇ ವಚನದಲ್ಲಿ ಒಬ್ಬಳೇ ಮಗಳಿದ್ದರೆ ಅರ್ಧ, ಹೆಚ್ಚು ಹೆಣ್ಣುಮಕ್ಕಳಿದ್ದರೆ ಎಲ್ಲರಿಗೂ ಸೇರಿ ಮೂರನೇ ಎರಡು ಎಂದಿದೆ. ಅಂದರೆ ಹೆಣ್ಣುಮಕ್ಕಳ ಪಾಲಿಗೆ ಮೂರನೇ ಎರಡೇ ಮಿತಿ. ಮಗಳು ಅರ್ಧ ತೆಗೆದುಕೊಂಡ ಮೇಲೆ ಆ ಮಿತಿಗೆ ಇನ್ನೂ ಆರನೇ ಒಂದು ಬಾಕಿ ಇರುತ್ತದೆ. ಅದನ್ನು ಮಗನ ಮಗಳು ತುಂಬುತ್ತಾಳೆ. ಪ್ರವಾದಿಯವರ ಸಂಗಡಿಗ ಇಬ್ನ್ ಮಸ್‌ಊದ್ ಇಂಥದ್ದೇ ಪ್ರಶ್ನೆಗೆ, ಪ್ರವಾದಿಯವರ ತೀರ್ಪನ್ನೇ ಹೇಳುತ್ತೇನೆಂದು, ಮಗಳಿಗೆ ಅರ್ಧ, ಮಗನ ಮಗಳಿಗೆ ಆರನೇ ಒಂದು, “ಮೂರನೇ ಎರಡು ಪೂರ್ತಿಯಾಗಲೆಂದು” ಕೊಟ್ಟದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ.

ಈಗ ರೂಪಾಯಿಯಲ್ಲಿ ನೋಡೋಣ. ಮನೆ, ಠೇವಣಿ ಎಲ್ಲ ಸೇರಿ 52 ಲಕ್ಷ ಇದೆ ಎಂದುಕೊಳ್ಳಿ. ದಫನದ ಖರ್ಚು, ಸಾಲ, ಅತ್ತೆಗೆ ಕೊಡದೆ ಉಳಿದ ಮಹರ್ ಇವೆಲ್ಲ ಮೊದಲು ತೀರಬೇಕು. ಮಹರ್ ಕೂಡ ಸಾಲವೇ, ಇದನ್ನು ಬಹಳ ಮನೆಗಳಲ್ಲಿ ಮರೆತುಬಿಡುತ್ತಾರೆ. ಇದಕ್ಕೆಲ್ಲ 4 ಲಕ್ಷ ಹೋಯಿತು, ವಸಿಯತ್ ಏನೂ ಇಲ್ಲ ಅಂತಿಟ್ಟುಕೊಂಡರೆ ಹಂಚಲು ಉಳಿಯುವುದು 48 ಲಕ್ಷ. ಮಕ್ಕಳ ಸಂತತಿ ಇರುವುದರಿಂದ ಅತ್ತೆಗೆ 1/8, ನಾದಿನಿಗೆ 1/2, ನಿಮ್ಮ ಮಗಳಿಗೆ 1/6. ಎಂಟು, ಎರಡು, ಆರು ಮೂರಕ್ಕೂ ಹೊಂದುವ ಸಂಖ್ಯೆ 24. ಹಾಗಾಗಿ ಆಸ್ತಿಯನ್ನು 24 ಭಾಗ ಮಾಡಿದರೆ ಅತ್ತೆಗೆ 3, ನಾದಿನಿಗೆ 12, ಮಗುವಿಗೆ 4, ಒಟ್ಟು 19. ಮಿಕ್ಕ 5 ಭಾಗ ಮಾವನ ತಮ್ಮನಿಗೆ, ಏಕೆಂದರೆ ನಿಗದಿತ ಪಾಲುಗಳಾದ ಮೇಲೆ ಉಳಿದದ್ದನ್ನು ಪಡೆಯುವ ಅಸಬಾ ಅವರೇ. ಒಂದು ಭಾಗಕ್ಕೆ 2 ಲಕ್ಷದಂತೆ ಅತ್ತೆಗೆ 6, ನಾದಿನಿಗೆ 24, ಮಗುವಿಗೆ 8, ಚಿಕ್ಕಮಾವನಿಗೆ 10 ಲಕ್ಷ. ಸೊಸೆಯಾಗಿ ನಿಮಗೆ ಮಾವನ ಆಸ್ತಿಯಲ್ಲಿ ಪಾಲಿಲ್ಲ.

ನಾದಿನಿಯರು ಇಬ್ಬರಿದ್ದಿದ್ದರೆ ಅವರೇ 16 ಭಾಗ, ಅಂದರೆ ಮೂರನೇ ಎರಡು ಪೂರ್ತಿ, ತೆಗೆದುಕೊಳ್ಳುತ್ತಿದ್ದರು. ಅತ್ತೆಯ 3, ಚಿಕ್ಕಮಾವನ 5 ಹಾಗೇ ಇರುತ್ತಿತ್ತು, ಮಗುವಿಗೆ ಮಾತ್ರ ಸೊನ್ನೆ. ಅಂಥ ಮನೆಗಳಲ್ಲಿ ಅಜ್ಜ ಬದುಕಿರುವಾಗಲೇ ಮೂರನೇ ಒಂದರ ಮಿತಿಯೊಳಗೆ ಮೊಮ್ಮಗಳಿಗೆ ವಸಿಯತ್ ಬರೆಯಬಹುದು, ವಾರಸುದಾರಳಲ್ಲದವಳಿಗೆ ಅದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಕಡೆ, ಮಾವನಿಗೆ ತಮ್ಮನಾಗಲಿ ತಂದೆಯ ಕಡೆಯ ಬೇರೆ ಯಾವ ಗಂಡು ಬಂಧುವಾಗಲಿ ಇರದಿದ್ದರೆ ಮಿಕ್ಕ 5 ಭಾಗ ಮಗಳು, ಮೊಮ್ಮಗಳಿಗೆ ಅವರ ಪಾಲಿನ ಪ್ರಮಾಣದಲ್ಲೇ, 3ಕ್ಕೆ 1ರಂತೆ, ಮರಳುತ್ತಿತ್ತು. ಅತ್ತೆಗೆ ಅದೇ 6 ಲಕ್ಷ, ನಾದಿನಿಗೆ 31.5, ಮಗುವಿಗೆ 10.5 ಲಕ್ಷ.

ಇಡೀ ಲೆಕ್ಕ ನಿಂತಿರುವುದು ಯಜಮಾನರು ಮಾವನಿಗಿಂತ ಮೊದಲು ಹೋದರು ಎಂಬುದರ ಮೇಲೆ. ಆದ್ದರಿಂದ ಎರಡೂ ಮರಣ ಪ್ರಮಾಣ ಪತ್ರಗಳನ್ನು ಜೋಡಿಸಿಟ್ಟುಕೊಳ್ಳಿ. ತೋಟ, ಗದ್ದೆ ಇದ್ದರೆ ವಕೀಲರನ್ನು ಬೇರೆಯಾಗಿ ಕೇಳಿ, 1937ರ ಶರೀಅತ್ ಕಾಯ್ದೆಯ 2ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ.

ಇನ್ನು ಸಹಿಯ ಮಾತು. ಹಾಕಬೇಡಿ. ಮಗುವನ್ನು ಸಾಕುವ ಹಕ್ಕು ನಿಮ್ಮದಾದರೂ, ಅಪ್ರಾಪ್ತ ಮಗುವಿನ ಆಸ್ತಿಗೆ ತಾಯಿ ತಾನಾಗಿಯೇ ಕಾನೂನಿನ ಪೋಷಕಿಯಾಗುವುದಿಲ್ಲ. ನ್ಯಾಯಾಲಯ ನೇಮಿಸದೆ ನೀವು ಅವಳ ಪರವಾಗಿ ಸಹಿ ಹಾಕಿದರೆ ಆ ಪತ್ರ ನಿಲ್ಲುವುದಿಲ್ಲ, ನಾಳೆ ವ್ಯಾಜ್ಯ ಮಾತ್ರ ಉಳಿಯುತ್ತದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಅಷ್ಟರೊಳಗೆ ಯಾರಾದರೂ ಖಾತೆ ತಮ್ಮ ಹೆಸರಿಗೆ ಮಾಡಿಸಿಕೊಂಡರೂ ಹೆದರಬೇಕಿಲ್ಲ. ಖಾತೆ ಕಂದಾಯಕ್ಕೆ, ಮಗುವಿನ 4 ಭಾಗ ಅದರಿಂದ ಅಳಿಯುವುದಿಲ್ಲ.