ಗಾಜಿನ ಜಗ್ಗಾ, ಥರ್ಮಸ್ ಜಗ್ಗಾ? ಮೊದಲು ಟೈಮರ್ ಬೇಕಾ ಹೇಳಿ

ಡ್ರಿಪ್ ಕಾಫಿ ಮಷಿನ್ ತಗೊಳ್ಳೋರಿದ್ದೀವ್ರಿ. ಗಾಜಿನ ಜಗ್ಗಿಂದು ಅಗ್ಗ ಐತಿ, ಸ್ಟೀಲ್ ಥರ್ಮಸ್ ಜಗ್ಗಿಂದು ದುಬಾರಿ. ನಾನು ಆರಕ್ಕ ಕುಡೀತೀನಿ, ಮನಿಯವರು ಏಳಕ್ಕ, ಅತ್ತಿಯವರು ಪೂಜಾ ಮುಗಿಸಿ ಎಂಟಕ್ಕ. ಟೈಮರ್ ಬೇಕೇ ಬೇಕು ಅಂತಾರ. ಯಾವುದು ಛಲೋ? (ನವನಗರ, ಬಾಗಲಕೋಟೆ)

ಟೈಮರ್ ಬೇಕೇ ಬೇಕು ಅಂದರೆ ಥರ್ಮಸ್ ಜಗ್ಗಿನದ್ದೇ ತಗೊಳ್ಳಿ. ಟೈಮರ್ ಬೇಡ ಅಂದರೆ ಗಾಜಿನದ್ದೇ ಸಾಕು, ದುಡ್ಡು ಉಳಿಸಿ.

ಕಾರಣ ಜಗ್ಗಿನ ಕೆಳಗಿರುವ ತಟ್ಟೆ. ಸಾಮಾನ್ಯ ಮಷಿನ್‌ನಲ್ಲಿ ನೀರು ಕಾಯಿಸುವ ಕಾಯಿಲ್ಲೇ ಈ ತಟ್ಟೆಯನ್ನೂ ಕಾಯಿಸುತ್ತದೆ. ನೀರು ಮುಗಿದ ಮೇಲೂ ಅದು ಆಗಾಗ ಆನ್ ಆಗಿ ತಟ್ಟೆಯನ್ನು ಬಿಸಿ ಇಡುತ್ತದೆ. ಅಂದರೆ ನಿಮ್ಮ ಡಿಕಾಕ್ಷನ್ ಸುಮ್ನೆ ಬಿಸಿಯಾಗಿ ಕೂತಿರುವುದಿಲ್ಲ, ಬೇಯುತ್ತಿರುತ್ತದೆ. ಅರ್ಧ ಗಂಟೆ ದಾಟಿದರೆ ಕಹಿ ಏರುತ್ತದೆ. ಎಂಟು ಗಂಟೆಗೆ ಅತ್ತೆಯವರು ಬರುವಷ್ಟರಲ್ಲಿ ಗಾಜಿನ ಒಳಗೆ ಕಂದು ಬಣ್ಣದ ಗೆರೆ ಹಿಡಿದಿರುತ್ತದೆ. ಆಮೇಲೆ ಪುಡಿ ಸರಿ ಇಲ್ಲ ಅಂತ ಅಂಗಡಿಯವರನ್ನು ಬೈಯುತ್ತಾರೆ!

ಥರ್ಮಸ್ ಜಗ್ಗಿಗೆ ತಟ್ಟೆಯ ಬಿಸಿ ಬೇಕಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ತುಂಬಿದ್ದರೆ ಮಾತ್ರ ಬಿಸಿ ಚೆನ್ನಾಗಿ ನಿಲ್ಲುತ್ತದೆ. ನಿಮ್ಮ ಮನೆಯದ್ದೇ ಲೆಕ್ಕ ಹಾಕೋಣ. ಮೂರು ಜನಕ್ಕೆ 400 ಮಿ.ಲೀ. ನೀರು, ಹಾಲು ಬೆರೆಸುವವರಾದ್ದರಿಂದ ಸ್ವಲ್ಪ ಗಟ್ಟಿಯಾಗಿ 40 ಗ್ರಾಂ ಪುಡಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಳ್ಳುತ್ತದೆ. ಜಗ್ಗಿಗೆ ಇಳಿಯುವುದು ಸುಮಾರು 320 ಮಿ.ಲೀ., ಒಬ್ಬೊಬ್ಬರಿಗೆ ನೂರು ಚಿಲ್ಲರೆ. ಒಂದು ಲೀಟರ್ ಜಗ್ಗಿನಲ್ಲಿ ಇದು ಮೂರನೇ ಒಂದು ಭಾಗವೂ ಆಗಲಿಲ್ಲ. ಹಾಗಾಗಿ ಸಿಗುವುದರಲ್ಲಿ ಚಿಕ್ಕ ಜಗ್ಗಿನದ್ದನ್ನೇ ನೋಡಿ. ಎದ್ದಿರುವಾಗ ಮಾಡುವುದಾದರೆ ಮೊದಲು ಜಗ್ಗಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ.

ಎಂಟಕ್ಕೆ ಡಿಕಾಕ್ಷನ್ 65 ಡಿಗ್ರಿಗೆ ಇಳಿದಿದೆ ಅಂದುಕೊಳ್ಳಿ. ಗಾಬರಿ ಬೇಡ. ಆಗಷ್ಟೇ ಉಕ್ಕಿದ ಹಾಲು ಅಷ್ಟೇ ಪ್ರಮಾಣ ಬೆರೆಸಿದರೆ ಲೋಟದಲ್ಲಿ ಮತ್ತೆ 80ರ ಹತ್ತಿರ ಬರುತ್ತದೆ. ಹಾಲಿನ ಕಾಫಿ ಕುಡಿಯುವವರಿಗೆ ಬಿಸಿ ತಟ್ಟೆ ಬೇಕಾಗಿಯೇ ಇಲ್ಲ, ಅಲ್ವಾ? ಹಾಲನ್ನು ಮಾತ್ರ ಜಗ್ಗಿಗೆ ಹಾಕಬೇಡಿ, ನಾರುತ್ತದೆ.

ಗಾಜಿನದ್ದು ತಗೊಂಡರೆ ಇಳಿದ ತಕ್ಷಣ ಸ್ವಿಚ್ ಆಫ್ ಮಾಡಿ, ಮನೆಯಲ್ಲಿರುವ ಸಣ್ಣ ಫ್ಲಾಸ್ಕಿಗೆ ಸುರಿದುಬಿಡಿ. ಅದೇ ಅಗ್ಗದ ಥರ್ಮಸ್ ಮಷಿನ್. ಆದರೆ ಟೈಮರ್ ಇಟ್ಟು ಮಲಗಿದವರು ಸುರಿಯಲು ಏಳುವುದಿಲ್ಲ, ಅದಕ್ಕೇ ಮೊದಲೇ ಆ ಮಾತು ಹೇಳಿದ್ದು.

ಟೈಮರ್ ತಗೊಳ್ಳುವಾಗ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ಗಡಿಯಾರ `12:00` ಅಂತ ಮಿಣುಕಿದರೆ ಅದಕ್ಕೆ ನೆನಪು ಇಲ್ಲ. ರಾತ್ರಿ ಒಂದು ಸಲ ಕರೆಂಟ್ ಹೋದರೂ ಬೆಳಿಗ್ಗೆ ಕಾಫಿ ಇಲ್ಲ. ಮನೆಯ ಸಣ್ಣ ಇನ್ವರ್ಟರ್ 900 ವ್ಯಾಟ್ ಮಷಿನ್ ಎಳೆಯುವುದಿಲ್ಲ, ಅದನ್ನು ನಂಬಬೇಡಿ.

ಅಂಗಡಿಯಲ್ಲೇ ಥರ್ಮಸ್ ಜಗ್ಗಿನ ಮುಚ್ಚಳ ತೆಗೆದು ಒಳಗೂ ಸ್ಟೀಲ್ ಇದೆಯಾ ನೋಡಿ. ಕೆಲವದರಲ್ಲಿ ಒಳಗೆ ಗಾಜು ಇರುತ್ತದೆ, ಚಮಚ ತಾಗಿದರೆ ಹೋಯಿತು. ನೀರು ತುಂಬಿಸಿ ಸುರಿದು ನೋಡಲು ನಾಚಿಕೆ ಬೇಡ, ಎಷ್ಟೋ ಜಗ್ಗುಗಳು ಸುರಿಯುವಾಗ ಹೊರಮೈ ಮೇಲೆ ಸೋರುತ್ತವೆ. ಪುಡಿಯನ್ನು ಸಣ್ಣ ರವೆಯಷ್ಟು ತರಿಯಾಗಿ ಬೀಸಿಸಿ. ಚಿಕೋರಿ ಜಾಸ್ತಿ ಇರುವ ನುಣ್ಣನೆಯ ಪುಡಿ ಹಾಕಿದರೆ ನೀರು ಇಳಿಯದೆ ಬುಟ್ಟಿ ಉಕ್ಕಿ, ಗಸಿ ಜಗ್ಗಿಗೆ ಬರುತ್ತದೆ.

ನೀರಿನ ಬದಲು ಹಾಲು ಹಾಕಿದರ ಸೀದಾ ಕಾಫಿ ಬರ್ತೈತಿ ಅಂತ ವಿಡಿಯೋ ನೋಡಿದ್ನಿ, ಖರೇನಾ? (ಬೆಳಗಾವಿ)

ಬರುವುದು ಸೀದ ಹಾಲು. ಅದು ಕೊಳವೆಯೊಳಗೆ ಹತ್ತಿಕೊಂಡರೆ ಮಷಿನ್ ಮುಗಿಯಿತು.

ಕಡಕ್, ಸಾದಾ ಅಂತ ಬಟನ್ ಇದ್ದದ್ದಕ್ಕ ಜಾಸ್ತಿ ರೊಕ್ಕ ಕೊಡಬಹುದಾ? (ಜಮಖಂಡಿ)

ಬೇಡ. ಒಂದು ಚಮಚ ಪುಡಿ ಜಾಸ್ತಿ ಹಾಕಿ.

ನಮ್ಮಲ್ಲಿ ಬೋರಿನ ನೀರು. ಮಷಿನ್ ಗುಡುಗುಡು ಅಂದು ಅರ್ಧ ನೀರು ಉಳಿಸ್ತೈತಿ. ರಿಪೇರಿಯವ ಬಾತ್‌ರೂಮ್ ಆ್ಯಸಿಡ್ ಹಾಕು ಅಂದ. (ವಿಜಯಪುರ)

ಆ ಮಹಾಶಯನನ್ನು ಮತ್ತೆ ಮನೆಗೆ ಸೇರಿಸಬೇಡಿ! ಒಳಗಿನ ಕೊಳವೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಆ ಆ್ಯಸಿಡ್ ಅದನ್ನೇ ತಿನ್ನುತ್ತದೆ. ನಿಮ್ಮದು ಸುಣ್ಣ ಕಟ್ಟಿದ ತೊಂದರೆ. ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿ ಹಾಕಿ, ಅರ್ಧ ಇಳಿದ ಮೇಲೆ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಉಳಿದದ್ದನ್ನೂ ಇಳಿಸಿ. ಆಮೇಲೆ ಬರೀ ನೀರು ಎರಡು ಸಲ. ಕಾಫಿ ಇಳಿಯಲು ಮೊದಲಿಗಿಂತ ಹೊತ್ತು ಹಿಡಿಯತೊಡಗಿದಾಗ ಮತ್ತೆ ಇದನ್ನೇ ಮಾಡಿ.