ಕೋಳಿಯಿಂದ ನಮಗೆ, ನಮ್ಮಿಂದ ಹಂದಿಗೆ

*ಸಂಪಾದಕರಿಗೆ ನಮಸ್ಕಾರ. ಹಕ್ಕಿ ಜ್ವರ ತಗುಲಿದ ಮನುಷ್ಯರಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ ಅಂತ ಓದುತ್ತಲೇ ಇದ್ದೇನೆ. ಆದರೆ ಇಷ್ಟು ವರ್ಷದಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಹರಡಿದ್ದು ಕಾಣೆ. ಹಾಗಿದ್ರೆ ಒಂದೊಂದು ಸತ್ತ ಹಕ್ಕಿಯ ಹಿಂದೆ ವಿಜ್ಞಾನಿಗಳು ಯಾಕೆ ಓಡುತ್ತಾರೆ? ನಡುವೆ ಹಂದಿ ಎಲ್ಲಿಂದ ಬಂತು? ಸುಮ್ನೆ ಹೆದರಿಸ್ತಿದ್ದಾರಾ?*
*— ಒಬ್ಬ ಓದುಗ*

ಮೊದಲು ಆ 'ಅರ್ಧ'ದ ಲೆಕ್ಕ ನೋಡೋಣ. 2003ರಿಂದ ಈಚೆಗೆ ಹಕ್ಕಿ ಜ್ವರದ ಎಚ್5ಎನ್1 ಎಂಬ ಫ್ಲೂ ವೈರಸ್ ತಗುಲಿದ್ದು ಖಚಿತವಾದವರು 900ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದಾರೆ. ಆದರೆ ಈ ಲೆಕ್ಕಕ್ಕೆ ಸಿಕ್ಕವರು ಹೆಚ್ಚಾಗಿ ಆಸ್ಪತ್ರೆ ಸೇರುವಷ್ಟು ಹದಗೆಟ್ಟವರು. ಎರಡು ದಿನ ಮೂಗು ಸೋರಿ ಸುಮ್ಮನಾದವರನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. 2024ರಿಂದ ಅಮೆರಿಕದಲ್ಲಿ ಸಿಕ್ಕ ಸುಮಾರು 70 ಮಂದಿಯಲ್ಲಿ ಬಹುಪಾಲು ಜನರಿಗೆ ಆಗಿದ್ದು ಕಣ್ಣು ಕೆಂಪಾಗಿದ್ದು, ಅಷ್ಟೇ.

ಈ ಕಣ್ಣಿನ ವಿಷಯದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಫ್ಲೂ ವೈರಸ್ ಜೀವಕೋಶದ ಒಳಗೆ ನುಗ್ಗಬೇಕಾದರೆ ಮೊದಲು ಅದರ ಮೈಮೇಲೆ ಅಂಟಬೇಕು. ಕೋಶದ ಹೊರಮೈಯಲ್ಲಿ ಸಕ್ಕರೆಯ ಸಣ್ಣ ಸರಪಳಿಗಳು ಇರುತ್ತವೆ, ಅವುಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಎಂಬ ಕೊಂಡಿ. ವೈರಸ್ ಹಿಡಿಯುವುದು ಅದನ್ನೇ. ಹಕ್ಕಿಯ ಕರುಳಿನಲ್ಲಿ ಈ ಕೊಂಡಿ ಒಂದು ಕೋನದಲ್ಲಿ ಕೂತಿರುತ್ತದೆ, ನಮ್ಮ ಮೂಗು ಗಂಟಲಲ್ಲಿ ಇನ್ನೊಂದು ಕೋನದಲ್ಲಿ. ಹಕ್ಕಿ ವೈರಸ್‌ಗೆ ನಮ್ಮ ಮೂಗಿನ ಕೊಂಡಿ ಸರಿಯಾಗಿ ಹಿಡಿತಕ್ಕೆ ಸಿಗುವುದಿಲ್ಲ.

ಆದರೆ ಹಕ್ಕಿ ಮಾದರಿಯ ಕೊಂಡಿ ನಮ್ಮ ಮೈಯಲ್ಲೂ ಎರಡು ಕಡೆ ಚೆನ್ನಾಗಿ ಸಿಗುತ್ತದೆ: ಶ್ವಾಸಕೋಶದ ತೀರಾ ಆಳದಲ್ಲಿ ಮತ್ತು ಕಣ್ಣಿನ ಪೊರೆಯಲ್ಲಿ. ಕಾಯಿಲೆ ಬಿದ್ದ ಕೋಳಿಯ ಪುಕ್ಕ ಕೀಳುವಾಗ ಎದ್ದ ದೂಳು ಆಳಕ್ಕೆ ಇಳಿದರೆ ಕೆಟ್ಟ ನ್ಯುಮೋನಿಯಾ ಆಗುತ್ತದೆ. ಆದರೆ ಅಷ್ಟು ಆಳದಿಂದ ವೈರಸ್ ಕೆಮ್ಮಿನ ಜೊತೆ ಸುಲಭವಾಗಿ ಹೊರಗೆ ಬರುವುದಿಲ್ಲ. ಅಂದರೆ ರೋಗ ಜೋರಾಗುವುದಕ್ಕೂ ಹರಡದೆ ಇರುವುದಕ್ಕೂ ದೊಡ್ಡ ಮಟ್ಟಿಗೆ ಕಾರಣ ಒಂದೇ. ನಾವು ನೆಮ್ಮದಿಯಾಗಿರುವುದು ಆ ಕೊಂಡಿಯ ಕೋನದ ದಯೆಯಿಂದ ಅಂದರೂ ತಪ್ಪಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಹಸುವಿಗೆ ಹಕ್ಕಿ ಜ್ವರ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ವೈರಸ್ ಮನೆ ಮಾಡಿದ್ದು ಕೆಚ್ಚಲಿನಲ್ಲಿ. ಹಕ್ಕಿ ಮಾದರಿಯ ಕೊಂಡಿ ಅಲ್ಲಿ ಬೇಕಾದಷ್ಟು ಇದೆ, ಹಾಲಿನಲ್ಲಿ ವೈರಸ್ ತುಂಬಿ ಹೋಗಿತ್ತು. ದೊಡ್ಡ ಡೇರಿಗಳಲ್ಲಿ ಹಾಲು ಕರೆಯುವವರು ತಗ್ಗಿನಲ್ಲಿ ನಿಂತಿರುತ್ತಾರೆ, ಹಸು ಮೇಲಿನ ಕಟ್ಟೆಯ ಮೇಲೆ. ಕೆಚ್ಚಲು ಹೆಚ್ಚುಕಡಿಮೆ ಮುಖದ ಎತ್ತರಕ್ಕೇ ಬರುತ್ತದೆ. ಯಂತ್ರ ಕಳಚುವಾಗ ಹಾಲು ಸಿಡಿದರೆ ಎಲ್ಲಿಗೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಾ?

ಆ ತಿಂಗಳ ಕೊನೆಗೆ ಅಲ್ಲಿನ ಒಬ್ಬ ಡೇರಿ ಕೆಲಸಗಾರನಿಗೆ ಕಣ್ಣು ಕೆಂಪಾಯಿತು. ಜ್ವರ ಇಲ್ಲ, ಶ್ವಾಸಕೋಶ ಚೆನ್ನಾಗಿದೆ. ಕಣ್ಣಿನಿಂದ ತೆಗೆದ ಸ್ವ್ಯಾಬ್‌ನಲ್ಲಿ ಎಚ್5ಎನ್1 ಸಿಕ್ಕಿತು, ಅದರ ಜೀನ್‌ಗಳನ್ನು ಓದಿದರು. ಹೀಗೆ ಓದುವವರು ಮುಖ್ಯವಾಗಿ ಎರಡು ಜಾಗ ನೋಡುತ್ತಾರೆ. ಒಂದು, ಕೊಂಡಿ ಹಿಡಿಯುವ ಪ್ರೋಟೀನ್. ಅದು ಇನ್ನೂ ಹಕ್ಕಿ ಮಾದರಿಯದೇ ಆಗಿತ್ತು. ಇನ್ನೊಂದು, ವೈರಸ್ ತನ್ನ ಪ್ರತಿ ಮಾಡಿಕೊಳ್ಳುವ ಯಂತ್ರದ ಪಿಬಿ2 ಎಂಬ ಭಾಗ. ಅದೂ ಒಂದು ಪ್ರೋಟೀನ್, ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಅದರ 627ನೇ ಸ್ಥಾನದಲ್ಲಿ ಹಕ್ಕಿ ವೈರಸ್‌ಗೆ ಸಾಮಾನ್ಯವಾಗಿ ಗ್ಲುಟಾಮಿಕ್ ಆಮ್ಲ ಇರುತ್ತದೆ, ಈ ಕೆಲಸಗಾರನ ವೈರಸ್‌ನಲ್ಲಿ ಲೈಸಿನ್ ಬಂದು ಕೂತಿತ್ತು. ಸಣ್ಣ ಬದಲಾವಣೆಯಂತೆ ಕಂಡರೂ ಇದರ ಪರಿಣಾಮ ಸಣ್ಣದಲ್ಲ. ಹಕ್ಕಿಯ ಮೈ ಸುಮಾರು 41 ಡಿಗ್ರಿ ಬಿಸಿ, ನಮ್ಮ ಮೂಗು ಸುಮಾರು 33. ಹಕ್ಕಿ ವೈರಸ್‌ನ ಯಂತ್ರ ನಮ್ಮ ಮೂಗಿನ ತಂಪಿಗೆ ಜಡವಾಗುತ್ತದೆ. ಲೈಸಿನ್ ಬಂದರೆ ಅದು ನಮ್ಮ ಕೋಶಗಳಲ್ಲಿ ಚುರುಕಾಗಿ ಓಡುತ್ತದೆ. ಅಂದರೆ ಒಂದು ಮೆಟ್ಟಿಲು ಹತ್ತಿಯಾಗಿತ್ತು, ಇನ್ನೊಂದು ಬಾಕಿ ಇತ್ತು. ಆತನಿಗೆ ಮನೆಯಲ್ಲೇ ಔಷಧ ಕೊಟ್ಟರು, ಮನೆಮಂದಿಗೂ ಮುನ್ನೆಚ್ಚರಿಕೆಗೆ ಕೊಟ್ಟರು. ಮನೆಯಲ್ಲಿ ಬೇರೆ ಯಾರಿಗೂ ರೋಗದ ಲಕ್ಷಣ ಕಾಣಲಿಲ್ಲ.

ಈಗ ಹಂದಿಯ ವಿಷಯಕ್ಕೆ ಬರೋಣ. ಫ್ಲೂ ವೈರಸ್‌ನ ಜೀನ್‌ಗಳು ಒಂದೇ ಉದ್ದನೆಯ ದಾರದಲ್ಲಿ ಇಲ್ಲ, ಎಂಟು ಬಿಡಿ ತುಂಡುಗಳಲ್ಲಿವೆ. ಒಂದೇ ಕೋಶಕ್ಕೆ ಎರಡು ಬಗೆಯ ಫ್ಲೂ ಹೊಕ್ಕರೆ ತುಂಡುಗಳು ಕಲಸಿಹೋಗುತ್ತವೆ. ಲೆಕ್ಕದ ಪ್ರಕಾರ 256 ಬಗೆಯ ಮರಿಗಳು ಹುಟ್ಟಬಹುದು. ಹೆಚ್ಚಿನವು ಕೆಲಸಕ್ಕೆ ಬಾರದವು. ಆದರೆ ಅಪರೂಪಕ್ಕೆ ಒಂದು ಮನುಷ್ಯರಿಗೆ ಚೆನ್ನಾಗಿ ಒಗ್ಗುತ್ತದೆ. ಹಂದಿಗೆ ಹಕ್ಕಿಯ ಫ್ಲೂ ತಗುಲುತ್ತದೆ, ನಮ್ಮದೂ ತಗುಲುತ್ತದೆ, ಹಾಗಾಗಿ ಈ ಕಲಸಾಟಕ್ಕೆ ಅದು ಒಳ್ಳೆಯ ಜಾಗ.

2009ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳ ಮಾದರಿ ಪ್ರಯೋಗಾಲಯದಲ್ಲಿ ತಲೆನೋವಾಯಿತು. ಪರೀಕ್ಷೆ 'ಇನ್‌ಫ್ಲುಯೆಂಜಾ ಎ ಹೌದು' ಅನ್ನುತ್ತಿತ್ತು, ಆದರೆ ಗೊತ್ತಿದ್ದ ಮನುಷ್ಯರ ಯಾವ ಉಪಬಗೆಗೂ ಹೊಂದುತ್ತಿರಲಿಲ್ಲ. ಓದಿ ನೋಡಿದರೆ ಹಂದಿಯ ವೈರಸ್. ನಿಜವಾಗಿ ಎದೆ ಝಲ್ ಎನ್ನಿಸಿದ್ದು ಇನ್ನೊಂದು: ಆ ಮಕ್ಕಳು ಹಂದಿಯ ಹತ್ತಿರ ಹೋಗಿರಲಿಲ್ಲ, ಇಬ್ಬರಿಗೂ ಪರಸ್ಪರ ಸಂಪರ್ಕವೂ ಇರಲಿಲ್ಲ. ಹಾಗಾದರೆ ವೈರಸ್ ಆಗಲೇ ಮನುಷ್ಯರಿಂದ ಮನುಷ್ಯರಿಗೆ ಓಡಾಡುತ್ತಿದೆ ಅಂತಲೇ ಅರ್ಥ, ಅಲ್ವಾ? ಎಂಟು ತುಂಡುಗಳಲ್ಲಿ ಆರು ಉತ್ತರ ಅಮೆರಿಕದ ಹಂದಿಗಳ ಒಂದು ವೈರಸ್‌ನಿಂದ ಬಂದಿದ್ದವು. ಅದು ತಾನೇ ಹಕ್ಕಿ, ಹಂದಿ, ಮನುಷ್ಯ ಮೂವರ ತುಂಡುಗಳ ಹಳೇ ಮಿಶ್ರಣ, 1998ರಿಂದಲೇ ಗೊತ್ತಿದ್ದದ್ದು. ಉಳಿದ ಎರಡು ಯುರೋಪು-ಏಷ್ಯಾದ ಹಂದಿ ವೈರಸ್‌ನವು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು.

ಆಗ ಎಲ್ಲರ ಕಣ್ಣು ಏಷ್ಯಾದ ಕೋಳಿಗಳ ಮೇಲೆ ನೆಟ್ಟಿತ್ತು. ಆ ಮಿಶ್ರಣ ಪಾಕವಾದದ್ದು ಮೆಕ್ಸಿಕೋದ ಹಂದಿಗಳಲ್ಲಿ ಅಂತ ಆಮೇಲೆ ತಿಳಿಯಿತು. ಕೋಳಿ ಸತ್ತರೆ ರಾಶಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಹಂದಿ ನಾಲ್ಕು ದಿನ ಕೆಮ್ಮಿ ಮೇವಿಗೆ ಬರುತ್ತದೆ. ಅದರ ಮೂಗಿಗೆ ಸ್ವ್ಯಾಬ್ ಹಾಕುವವರು ಯಾರು? ಇನ್ನೊಂದು ತಮಾಷೆ ಅಂದರೆ, ಹಂದಿ ನಮಗೆ ಫ್ಲೂ ಕೊಡುವುದಕ್ಕಿಂತ ನಾವು ಹಂದಿಗೆ ಕೊಡುವುದೇ ಜಾಸ್ತಿ. 2009ರ ವೈರಸ್ಸೂ ನಮ್ಮಿಂದ ಮತ್ತೆ ಮತ್ತೆ ಹಂದಿಗಳಿಗೆ ಹೋಗಿ, ಅಲ್ಲಿ ಹೊಸ ಮಿಶ್ರಣಗಳನ್ನು ಹುಟ್ಟಿಸಿದೆ.

'ಹೆದರಿಸ್ತಿದ್ದಾರಾ' ಅಂತ ಕೇಳಿದ್ದೀರಿ. ಅದೂ ಆಗಿದ್ದುಂಟು. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿ ಫ್ಲೂನಿಂದ ಒಬ್ಬ ಸೈನಿಕ ಸತ್ತ. 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು, ಕೆಲವರಿಗೆ ಅದರಿಂದಲೇ ನರಗಳ ತೊಂದರೆ ಬಂತು. ವೈರಸ್ ಮಾತ್ರ ಶಿಬಿರ ದಾಟಿ ಹರಡಲೇ ಇಲ್ಲ. ಜೀನ್ ಓದಿ ಭವಿಷ್ಯ ಹೇಳುವುದಕ್ಕೂ ಮಿತಿ ಇದೆ. 2009ರ ವೈರಸ್‌ನಲ್ಲಿ 627ರ ಲೈಸಿನ್ ಇರಲೇ ಇಲ್ಲ. ಅದೇ ಪ್ರೋಟೀನಿನ ಬೇರೆ ಕಡೆಯ ಬದಲಾವಣೆಯಿಂದ ಅದು ತನ್ನ ದಾರಿ ಮಾಡಿಕೊಂಡಿತ್ತು.

ಆದರೂ ನನಗೆ ಓಡಾಟ ಸುಮ್ನೆ ಅನ್ನಿಸುವುದಿಲ್ಲ, ಕಾರಣ ಇದು. 2024ರ ಕೊನೆಗೆ ಅಮೆರಿಕದ ಸಂಶೋಧಕರು ಹಸುಗಳಲ್ಲಿದ್ದ ಬಗೆಯ ಎಚ್5ಎನ್1ರ ಕೊಂಡಿ ಹಿಡಿಯುವ ಪ್ರೋಟೀನನ್ನು ಮಾತ್ರ ಪ್ರತ್ಯೇಕವಾಗಿ ತಯಾರಿಸಿ ನೋಡಿದರು. 226ನೇ ಸ್ಥಾನದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರೆ ಅದು ಮನುಷ್ಯರ ಮಾದರಿಯ ಕೊಂಡಿಗೆ ಅಂಟತೊಡಗಿತು. ಹಳೇ ಎಚ್5ಎನ್1ಗೆ ಇದಕ್ಕೆ ಹಲವು ಬದಲಾವಣೆ ಬೇಕಾಗಿದ್ದವು. ಇಷ್ಟರಿಂದಲೇ ವೈರಸ್ ಗಾಳಿಯಲ್ಲಿ ಹರಡುತ್ತದೆ ಅಂತಲ್ಲ. ಆದರೆ ಸತ್ತ ಹಕ್ಕಿಯದ್ದೋ ಕೆಂಪು ಕಣ್ಣಿನದ್ದೋ ಹೊಸ ಮಾದರಿ ಬಂದಾಗಲೆಲ್ಲ 627ರ ಜೊತೆಗೆ ಈ 226 ಇನ್ನೂ ಹಾಗೇ ಇದೆಯಾ ಅಂತ ಅವರು ತೆಗೆದು ನೋಡುತ್ತಾರೆ.